ಒಂದು ಸ್ಟಾರ್‌ನ ರಿವ್ಯೂ, ನಾಲ್ಕು ಕರಡು: ಅಂಗಡಿಯವನ ಕಥೆ ಕಟ್ಟುವ ಬಗೆ

ಪ್ರಶ್ನೆ: ಒಂದು ಸಣ್ಣಕಥೆ ಬರೆಯುತ್ತಿದ್ದೇನೆ. ಊರಿನ ಅಂಗಡಿಯವರೊಬ್ಬರು ತಮ್ಮ ಅಂಗಡಿಯ ಬಗ್ಗೆ ಯಾರೋ ಇಂಟರ್ನೆಟ್ಟಿನಲ್ಲಿ ಹಾಕಿದ ಅನ್ಯಾಯದ ರಿವ್ಯೂ ಓದುತ್ತಾರೆ, ಏನು ಉತ್ತರ ಕೊಡಬೇಕು ಅಂತ ತೀರ್ಮಾನ ಮಾಡುತ್ತಾರೆ. ಇಷ್ಟೇ ಕಥೆ. ಆದರೆ ಬರೆದಾಗೆಲ್ಲ ಅಂಗಡಿಯವರು ದೇವರಂಥವರು, ರಿವ್ಯೂ ಬರೆದವನು ದುಷ್ಟ ಅಂತಾಗುತ್ತದೆ. ನಡುವೆ ಏನೂ ನಡೆಯುವುದಿಲ್ಲ, ಮೊಬೈಲ್ ಹಿಡಿದು ಯೋಚಿಸುತ್ತಾ ಕೂರುತ್ತಾರೆ. ಕೊನೆಗೆ ಭಾಷಣ ಬಂದುಬಿಡುತ್ತದೆ. ಇದನ್ನು ಕಥೆಯಾಗಿ ನಿಲ್ಲಿಸುವುದು ಹೇಗೆ?

ಉತ್ತರ: ನಿಮ್ಮ ತೊಂದರೆ ಶುರುವಾಗುವುದು ಅಂಗಡಿಯವರ ಪಾತ್ರದಲ್ಲಲ್ಲ, ರಿವ್ಯೂನಲ್ಲಿ. ಅದು ಪೂರ್ತಿ ಸುಳ್ಳಾಗಿದ್ದರೆ ಅಂಗಡಿಯವರಿಗೆ ತೀರ್ಮಾನಿಸಲು ಏನೂ ಉಳಿಯುವುದಿಲ್ಲ. ಸುಳ್ಳು ಅಂತ ಹೇಳಬೇಕು, ಅಷ್ಟೆ. ಅದಕ್ಕೇ ಅವರು ಒಳ್ಳೆಯವರಾಗಿ ಕೂತಿರುತ್ತಾರೆ, ಓದುಗರು ಅವರನ್ನು ನೋಡುತ್ತಾ ಕೂತಿರುತ್ತಾರೆ. ಅನ್ಯಾಯದ ರಿವ್ಯೂಗಳನ್ನು ಗಮನವಿಟ್ಟು ಓದಿದರೆ ಹೆಚ್ಚಿನವುಗಳಲ್ಲಿ ಒಂದೇ ರಚನೆ ಕಾಣುತ್ತದೆ: ಬರೆದವರು ಕಣ್ಣಾರೆ ಕಂಡದ್ದು ನಿಜ, ಅದರಿಂದ ಅವರು ಕಟ್ಟಿಕೊಂಡ ಅರ್ಥ ತಪ್ಪು. ನಿಮ್ಮ ರಿವ್ಯೂವನ್ನು ಹಾಗೆ ಕಟ್ಟಿ. ಕಂಡದ್ದನ್ನು ಅಲ್ಲಗಳೆಯದೆ ಅರ್ಥವನ್ನು ಮಾತ್ರ ಅಲ್ಲಗಳೆಯುವುದು ಕಷ್ಟದ ಕೆಲಸ. ಕಥೆ ಆ ಕಷ್ಟದಲ್ಲೇ ಇದೆ.

ಹಾಗೆ ಕಟ್ಟಬೇಕಾದರೆ ಅಂಗಡಿ ಯಾವುದು ಎಂಬುದು ಗಟ್ಟಿಯಾಗಬೇಕು. "ಊರಿನ ಅಂಗಡಿ" ಸಾಲದು. ಒಂದು ಉದಾಹರಣೆ ಹಿಡಿದುಕೊಂಡು ಕೊನೆಯವರೆಗೆ ಹೋಗೋಣ. ಹಾಸನದ ಪೇಟೆಯಲ್ಲಿ ಒಂದು ಕಾಫಿ ಪುಡಿ ಅಂಗಡಿ. ಯಜಮಾನ ಶಿವಣ್ಣ, ವಯಸ್ಸು ಐವತ್ತೆಂಟು. ಅಂಗಡಿಯಲ್ಲಿ ಮಂಜ ಎಂಬ ಹುಡುಗ. ಮಗಳು ಸಹನಾ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಇಷ್ಟು ಜನ ಸಾಕು.

ಕಾಫಿ ಪುಡಿ ಯಾಕೆಂದರೆ, ಅಲ್ಲಿ ಅನ್ಯಾಯದ ರಿವ್ಯೂ ತಾನಾಗಿಯೇ ಹುಟ್ಟುವ ಒಂದು ಜಾಗವಿದೆ. ಅದೇ ಚಿಕೋರಿ. ನಮ್ಮ ಕಡೆ ಫಿಲ್ಟರ್ ಕಾಫಿಗೆ ಚಿಕೋರಿ ಬೆರೆಸುವುದು ರೂಢಿ. ಡಿಕಾಕ್ಷನ್ ದಪ್ಪ ಬರುತ್ತದೆ, ಬಣ್ಣ ಕಪ್ಪೇರುತ್ತದೆ, ಹಾಲು ಹಾಕಿದ ಮೇಲೂ ರುಚಿ ನಿಲ್ಲುತ್ತದೆ. ಕಾನೂನು ಇದನ್ನು ಒಪ್ಪುತ್ತದೆ. ಮಿಶ್ರಣದಲ್ಲಿ ತೂಕದ ಲೆಕ್ಕದಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರಬಾರದು, ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಪೊಟ್ಟಣದ ಮೇಲೆ ಹೇಳಿರಬೇಕು. ಹಾಗೆ ಹೇಳಿ ಮಾರಿದರೆ ಅದು ಕಲಬೆರಕೆಯಲ್ಲ. ಹೇಳದೆ, ಬರೀ ಕಾಫಿ ಎಂದು ಮಾರಿದರೆ ಮೋಸ. ಅಂದರೆ ಅದೇ ಪುಡಿ ಒಂದು ಪೊಟ್ಟಣದಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು. ವ್ಯತ್ಯಾಸ ಮಾಡುವುದು ಪೊಟ್ಟಣದ ಮೇಲಿನ ಎರಡು ಅಂಕಿ. ಕಥೆಗಾರರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸುಲಭಕ್ಕೆ ಸಿಗುವುದಿಲ್ಲ.

ಈಗ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ. ಗಾಜಿನ ಲೋಟದಲ್ಲಿ ನೀರು ತುಂಬಿ, ಮೇಲೆ ಒಂದು ಚಿಟಿಕೆ ಪುಡಿ ಉದುರಿಸಬೇಕು. ಕಾಫಿ ತೇಲುತ್ತದೆ. ಚಿಕೋರಿ ಕೆಲವೇ ಸೆಕೆಂಡಿನಲ್ಲಿ ಮುಳುಗಲು ಶುರುವಾಗಿ, ಹಿಂದೆ ಕಂದು ಬಣ್ಣದ ಗೆರೆ ಎಳೆಯುತ್ತಾ ಇಳಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರವೇ ಮನೆಮಂದಿಗೆ ಹೇಳಿಕೊಟ್ಟಿರುವ ಪರೀಕ್ಷೆ ಇದು, ಸರಿಯಾದದ್ದೇ. ಆದರೆ ಅದು ಹೇಳುವುದು ಚಿಕೋರಿ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ. ಎಷ್ಟಿದೆ, ಹೇಳಿ ಹಾಕಿದ್ದೋ ಕದ್ದು ಹಾಕಿದ್ದೋ ಎಂಬುದನ್ನು ನೀರು ಹೇಳಲಾರದು.

ನಿಮ್ಮ ಗಿರಾಕಿ ಈ ಪರೀಕ್ಷೆ ಮಾಡಿದ್ದಾನೆ. ಬಣ್ಣ ಕಂಡಿದ್ದಾನೆ. ರಿವ್ಯೂ ಹೀಗಿರಲಿ:

"ಪುಡಿ ಕಲಬೆರಕೆ. ನೀರಿಗೆ ಹಾಕಿ ನೋಡಿದ್ವಿ, ಹಾಕಿದ ತಕ್ಷಣ ಬಣ್ಣ ಬಿಡ್ತು. ಪ್ಯೂರ್ ಅಂತ ನಂಬಿಸಿ ಮೋಸ ಮಾಡ್ತಾರೆ. ಯಾರೂ ಹೋಗ್ಬೇಡಿ." ಒಂದು ಸ್ಟಾರ್. ಜೊತೆಗೆ ಲೋಟದ ಫೋಟೋ.

ಇದರಲ್ಲಿ ಬಣ್ಣ ಬಿಟ್ಟಿದ್ದು ನಿಜ. ಕಲಬೆರಕೆ ಎಂಬುದು ತಪ್ಪು. ಪ್ಯೂರ್ ಅಂತ ನಂಬಿಸಿದರು ಎಂಬುದು ಸುಳ್ಳು. ಮೂರು ವಾಕ್ಯ, ಮೂರು ಬಗೆಯ ಸತ್ಯ. ಬರೆದವನು ದುಷ್ಟನಾಗಬೇಕಿಲ್ಲ. ಎಲ್ಲೋ ಒಂದು ವಿಡಿಯೋ ನೋಡಿ ಗಾಬರಿಯಾದ ಒಬ್ಬ ಗೃಹಸ್ಥ, ಅಷ್ಟೆ. ಅವನನ್ನು ಕಥೆಯೊಳಗೆ ಕರೆತರಲೇಬೇಡಿ. ಅವನ ಹೆಸರೂ ಒಂದು ಅಡ್ಡಹೆಸರಾಗಿರಲಿ, ಶಿವಣ್ಣನಿಗೆ ಅವನು ಯಾರೆಂದು ಗೊತ್ತಾಗದಿರಲಿ. ಯಾರೆಂದು ಗೊತ್ತಾದ ಕೂಡಲೇ ಕಥೆ ಜಗಳದ ಕಡೆ ತಿರುಗುತ್ತದೆ.

ಎದುರಂಗಡಿಯವನೇ ಬರೆಸಿದ ಎಂಬ ತಿರುವು ಮನಸ್ಸಿಗೆ ಬಂದರೆ ಬಿಟ್ಟುಬಿಡಿ. ಅದು ಶಿವಣ್ಣನನ್ನು ಪೂರ್ತಿ ಬಿಡುಗಡೆ ಮಾಡುತ್ತದೆ. ನಮಗೆ ಬೇಕಾದದ್ದು ಅವನು ಸಿಕ್ಕಿಹಾಕಿಕೊಳ್ಳುವುದು.

ಮುಂದಿನ ಮಾತು ಯಂತ್ರದ್ದು. ರಿವ್ಯೂ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೊಂಡರೆ ಕಥೆಯ ಅರ್ಧ ಘಟನೆಗಳು ಅಲ್ಲೇ ಸಿಗುತ್ತವೆ. ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ರಿವ್ಯೂವನ್ನು ಅಂಗಡಿಯವರು ಅಳಿಸಲಾರರು. ನಿಯಮ ಮೀರಿದೆ ಎಂದು ದೂರು ಕೊಡಬಹುದು. ಬೈಗುಳ, ಸಂಬಂಧವಿಲ್ಲದ ವಿಷಯ, ನಕಲಿ ಖಾತೆ ಇಂಥವಕ್ಕೆ ಅದು ಉಪಯೋಗಕ್ಕೆ ಬರಬಹುದು. ಆದರೆ ಗಿರಾಕಿ ಹೇಳಿದ್ದು ಸರಿಯೋ ಅಂಗಡಿಯವರು ಹೇಳಿದ್ದು ಸರಿಯೋ ಎಂಬ ಪಂಚಾಯ್ತಿಯನ್ನು ಗೂಗಲ್ ಮಾಡುವುದಿಲ್ಲ. ಹಾಗಾಗಿ ಶಿವಣ್ಣನಿಗೆ ಅಲ್ಲಿಂದ ನ್ಯಾಯ ಸಿಗುವುದಿಲ್ಲ. ಉಳಿದ ದಾರಿ ಉತ್ತರ ಬರೆಯುವುದು. ಉತ್ತರ ರಿವ್ಯೂವಿನ ಕೆಳಗೆ, ಮಾಲೀಕರ ಉತ್ತರ ಎಂಬ ಗುರುತಿನೊಂದಿಗೆ, ಎಲ್ಲರಿಗೂ ಕಾಣುತ್ತದೆ. ಅದನ್ನು ಆಮೇಲೆ ತಿದ್ದಬಹುದು, ಅಳಿಸಬಹುದು. ಉತ್ತರ ಬಂದಿದೆ ಎಂಬ ಸೂಚನೆ ರಿವ್ಯೂ ಬರೆದವರಿಗೂ ಹೋಗುತ್ತದೆ. ಅವರೂ ತಮ್ಮ ರಿವ್ಯೂವನ್ನು ತಿದ್ದಬಹುದು, ತೆಗೆಯಬಹುದು.

ಇನ್ನೊಂದು ಸಂಗತಿ ನಿಮಗೆ ತುಂಬ ಉಪಯೋಗಕ್ಕೆ ಬರುತ್ತದೆ. ಉತ್ತರ ಕೊಡಲು ಅಂಗಡಿಯ ಪುಟ ಯಾರದ್ದಾದರೂ ಖಾತೆಯಲ್ಲಿ ದೃಢೀಕರಣಗೊಂಡಿರಬೇಕು. ಸಣ್ಣ ಊರಿನ ಅಂಗಡಿಗಳಲ್ಲಿ ಅದನ್ನು ಮಾಡಿಟ್ಟವರು ಎಷ್ಟೋ ಸಲ ಮಗನೋ ಮಗಳೋ ಆಗಿರುತ್ತಾರೆ. ಶಿವಣ್ಣನ ಅಂಗಡಿಯ ಪುಟ ಸಹನಾಳ ಖಾತೆಯಲ್ಲಿದೆ. ರಿವ್ಯೂ ಬಂದದ್ದು ಮೊದಲು ಗೊತ್ತಾಗುವುದು ಬೆಂಗಳೂರಿನಲ್ಲಿ ಕೂತ ಅವಳಿಗೆ. ಉತ್ತರ ಹಾಕುವ ಬೆರಳೂ ಅವಳದೇ. ಅಲ್ಲಿಗೆ ನಿಮ್ಮ "ಮೊಬೈಲ್ ಹಿಡಿದು ಯೋಚಿಸುತ್ತಾ ಕೂರುವ" ಸಮಸ್ಯೆ ಮುಗಿಯಿತು. ಶಿವಣ್ಣ ತನ್ನ ಉತ್ತರವನ್ನು ಫೋನಿನಲ್ಲಿ ಮಗಳಿಗೆ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಹೇಳಿದ್ದನ್ನು ಅವಳು ಬರೆದು ಓದಿ ಹೇಳುತ್ತಾಳೆ. ಅವನ ಮಾತು ಅವನಿಗೇ ವಾಪಸ್ಸು ಕೇಳಿಸುತ್ತದೆ. ಯೋಚನೆ ಎಲ್ಲ ಸಂಭಾಷಣೆಯಾಯಿತು.

ನೋವು ಎಷ್ಟು ಎಂಬುದನ್ನು ವರ್ಣಿಸಬೇಡಿ, ಲೆಕ್ಕ ತೋರಿಸಿ. ಅಂಗಡಿಗೆ ಇದುವರೆಗೆ ಬಂದದ್ದು 9 ರಿವ್ಯೂ, ಎಲ್ಲಕ್ಕೂ ಐದು ಸ್ಟಾರ್. ಒಂದು ಸ್ಟಾರ್ ಸೇರಿದ್ದೇ ಸರಾಸರಿ 5ರಿಂದ 4.6ಕ್ಕೆ ಇಳಿಯುತ್ತದೆ. ಸಾವಿರ ರಿವ್ಯೂ ಇರುವ ದೊಡ್ಡ ಅಂಗಡಿಗೆ ಇದು ತಾಗುವುದೇ ಇಲ್ಲ. ಮತ್ತೆ 4.9 ಕಾಣಬೇಕಾದರೆ ಇನ್ನೂ 17 ಜನ ಐದೈದು ಸ್ಟಾರ್ ಕೊಡಬೇಕು. ಸಹನಾ ಈ ಲೆಕ್ಕ ಹೇಳಿದಾಗ ಶಿವಣ್ಣನಿಗೆ ನೆನಪಾಗುವುದು ದಿನವೂ ಬರುವ ಗಿರಾಕಿಗಳು. ಅವರಲ್ಲಿ ಯಾರಿಗೂ ರಿವ್ಯೂ ಎಂದರೇನೆಂದು ಗೊತ್ತಿಲ್ಲ. ಈ ಒಂದು ವಾಕ್ಯ ಸಾಕು, ಅವನ ಮೂವತ್ತು ವರ್ಷದ ಪ್ರಾಮಾಣಿಕತೆಯ ಬಗ್ಗೆ ಪ್ಯಾರಾ ಬರೆಯುವುದು ಬೇಡ.

ಇನ್ನು ಕಥೆಯ ನಡೆ. ನನ್ನ ಪ್ರಕಾರ ಈ ಕಥೆಯ ಘಟನೆಗಳೆಂದರೆ ಉತ್ತರದ ಕರಡುಗಳೇ. ಒಂದೊಂದು ಕರಡೂ ಒಂದು ದೃಶ್ಯ. ಪ್ರತಿಯೊಂದೂ ಯಾಕೆ ಬಿದ್ದುಹೋಗುತ್ತದೆ ಎಂಬುದು ಅದರ ಒಳಗಿಂದಲೇ ಗೊತ್ತಾಗಬೇಕು, ನೀವು ವಿವರಿಸಬಾರದು. ಶಿವಣ್ಣನಿಗೆ ನಾಲ್ಕು ಕರಡು ಕೊಡೋಣ. ಸಂಜೆ ಏಳಕ್ಕೆ ಶುರುವಾಗಿ ಮಾರನೆಯ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಮುಗಿಯಲಿ.

ಮೊದಲ ಕರಡು ಸಿಟ್ಟಿನದು. ಅಂಗಡಿಯಲ್ಲಿ ಇನ್ನೂ ಗಿರಾಕಿಗಳಿದ್ದಾರೆ, ಬೀಸುವ ಯಂತ್ರ ಓಡುತ್ತಿದೆ, ಅದರ ಸದ್ದಿನ ಮೇಲೆ ಅವನು ಕೂಗಿ ಹೇಳುತ್ತಾನೆ:

"ಬರ್ಕೋ ಪುಟ್ಟಿ. ಮೂವತ್ತು ವರ್ಷದಿಂದ ಅಂಗಡಿ ನಡೆಸ್ತಿದೀನಿ. ನೀರಿಗೆ ಪುಡಿ ಹಾಕಿ ನೋಡೋರಿಗೆ ಕಾಫಿ ಯಾಕ್ರೀ ಬೇಕು? ನಿಮ್ಮಂಥ ಗಿರಾಕಿ ನಮಗೆ ಬೇಡ."

ಇದು ಬೀಳುವುದು ಹೇಗೆ? ಸಹನಾ ಬುದ್ಧಿ ಹೇಳುವುದು ಬೇಡ. ಅವಳು ಬರೆದದ್ದನ್ನು ಅದೇ ಧಾಟಿಯಲ್ಲಿ ಓದಿ ಹೇಳುವಾಗ ಯಂತ್ರ ನಿಲ್ಲುತ್ತದೆ. ಎದುರಿಗೆ ನಿಂತ ಗಿರಾಕಿ ಕೊನೆಯ ವಾಕ್ಯವನ್ನು ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಾಳೆ: "ನಿಮ್ಮಂಥ ಗಿರಾಕಿ ನಮಗೆ ಬೇಡ." ಅವಳು ಕೈಯಲ್ಲಿದ್ದ ನೋಟನ್ನು ಚಾಚಿದ ಹಾಗೇ ನಿಲ್ಲುತ್ತಾಳೆ. ಅಷ್ಟು ಸಾಕು. ಉತ್ತರವನ್ನು ಓದುವವರು ರಿವ್ಯೂ ಬರೆದವನಿಗಿಂತ ಹೆಚ್ಚಾಗಿ ಮುಂದೆ ಬರಬಹುದಾದ ಗಿರಾಕಿಗಳು ಎಂಬ ಸಂಗತಿ ಶಿವಣ್ಣನಿಗೂ ಓದುಗರಿಗೂ ಒಂದೇ ಹೊತ್ತಿಗೆ ತಿಳಿಯುತ್ತದೆ.

ಎರಡನೆಯದು ಕಾನೂನಿನ ಕರಡು. ಬಾಗಿಲು ಹಾಕಿದ ಮೇಲೆ, ಗೋಡೆಗೆ ತೂಗುಹಾಕಿದ ಲೈಸೆನ್ಸಿನ ಕೆಳಗೆ ನಿಂತು ಹೇಳುತ್ತಾನೆ: "ಸರ್ಕಾರದ ಕಾನೂನಿನ ಪ್ರಕಾರ ಕಾಫಿ ಪುಡಿಗೆ ನೂರಕ್ಕೆ 49ರವರೆಗೆ ಚಿಕೋರಿ ಹಾಕಬಹುದು. ಇದು ಕಲಬೆರಕೆ ಅಲ್ಲ." ಒಂದಕ್ಷರವೂ ಸುಳ್ಳಿಲ್ಲ. ಸಹನಾ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳುತ್ತಾಳೆ: "ಅಪ್ಪ, ನೀವು 49 ಹಾಕ್ತೀರಾ?" ಅವನು ಹಾಕುವುದು 20. ಕಾಲು ಕೆಜಿಗೆ ಇನ್ನೂರು ಗ್ರಾಂ ಕಾಫಿ, ಐವತ್ತು ಗ್ರಾಂ ಚಿಕೋರಿ. ಸ್ವಂತ ಮಗಳಿಗೇ ಹಾಗೆ ಕೇಳಿಸಿತು ಎಂದಾದರೆ ಊರವರಿಗೆ ಹೇಗೆ ಕೇಳಿಸುತ್ತದೆ? ಅಂಗಡಿಯವರ ಉತ್ತರಗಳಲ್ಲಿ ನಿಜವಾಗಿ ಆಗುವ ತಪ್ಪು ಇದು. ಕಾನೂನಿನ ಮಿತಿ ಹೇಳಲು ಹೋದವರು ತಾವೇ ಆ ಮಿತಿಯಂಚಿನಲ್ಲಿ ನಿಂತಂತೆ ಕಾಣಿಸುತ್ತಾರೆ. ಚಿಕೋರಿಯ ಬೆಲೆ ಕಾಫಿಗಿಂತ ಬಹಳ ಕಡಿಮೆ ಎಂಬುದು ಗಿರಾಕಿಗಳಿಗೂ ಗೊತ್ತು. ಹಾಗಾಗಿ 49 ಎಂದು ಕೇಳಿದ ಕೂಡಲೇ ಅವರ ಮನಸ್ಸು ದುಡ್ಡಿನ ಲೆಕ್ಕಕ್ಕೆ ಇಳಿಯುತ್ತದೆ.

ಮಾನನಷ್ಟದ ಕೇಸು ಹಾಕುತ್ತೇನೆ ಎಂಬ ಬೆದರಿಕೆಯನ್ನೂ ಇದೇ ಕರಡಿನಲ್ಲಿ ಒಂದು ಸಾಲಾಗಿ ಸೇರಿಸಿ ಕೈಬಿಡಬಹುದು. ಅದಕ್ಕೆ ಬೇರೆ ದೃಶ್ಯ ಕೊಡಬೇಡಿ, ಕಥೆ ಕೋರ್ಟಿನ ಕಡೆ ಹೋಗುತ್ತದೆ.

ಮೂರನೆಯದು ಸಹನಾಳದು. ರಾತ್ರಿ ಹತ್ತೂವರೆಗೆ ಅವಳೇ ಬರೆದು ಕಳಿಸುತ್ತಾಳೆ: "ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು. ನಿಮಗಾದ ಅನಾನುಕೂಲಕ್ಕೆ ನಾವು ವಿಷಾದಿಸುತ್ತೇವೆ. ಮುಂದೆ ಹೀಗಾಗದಂತೆ ಎಚ್ಚರ ವಹಿಸುತ್ತೇವೆ." ಬ್ಯಾಂಕಿನಿಂದಲೂ ಬರಬಹುದಾದ, ಬಸ್ ಕಂಪನಿಯಿಂದಲೂ ಬರಬಹುದಾದ ಮಾತು. ಇದರ ದೋಷ ಮೇಲಿನ ಎರಡಕ್ಕಿಂತ ಸೂಕ್ಷ್ಮವಾದದ್ದು, ಆದ್ದರಿಂದ ಇಲ್ಲಿ ನಿಧಾನಿಸಿ. ರಿವ್ಯೂ ಹೊರಿಸಿದ ಆರೋಪ ಕಲಬೆರಕೆ. ಯಾವುದಕ್ಕೆ ವಿಷಾದ ಎಂದು ಹೇಳದೆ ವಿಷಾದಿಸಿದರೆ ಆ ಆರೋಪವನ್ನೇ ಒಪ್ಪಿಕೊಂಡ ಹಾಗೆ. "ಮುಂದೆ ಹೀಗಾಗದಂತೆ" ಎಂದರೆ ಇಲ್ಲಿಯವರೆಗೆ ಕಲಬೆರಕೆ ಮಾಡುತ್ತಿದ್ದೆವು ಎಂದೇ ಅರ್ಥ. ಶಿವಣ್ಣನಿಗೆ ಇದನ್ನು ಇಷ್ಟು ಬಿಡಿಸಿ ಹೇಳಲು ಬರುವುದಿಲ್ಲ, ಬರಲೂ ಬಾರದು. "ಏನ್ ಎಚ್ಚರ ವಹಿಸ್ಬೇಕು ಪುಟ್ಟಿ? ಏನ್ ಮಾಡಿದೀನಿ ಅಂತ?" ಎಂದು ಅವನು ಕೇಳಲಿ. ಆ ಪ್ರಶ್ನೆಗೆ ಉತ್ತರ ಹುಡುಕಲೆಂದೇ ಅವನು ರಿವ್ಯೂವನ್ನು ಮತ್ತೊಮ್ಮೆ ತೆರೆಯಬೇಕು. ಈ ಸಲ ಮಾತನ್ನು ಓದುವುದಿಲ್ಲ, ಫೋಟೋ ನೋಡುತ್ತಾನೆ.

ಕಥೆಯ ತಿರುವು ಇಲ್ಲಿದೆ, ಅದಕ್ಕೇ ರಿವ್ಯೂ ಜೊತೆಗೆ ಲೋಟದ ಫೋಟೋ ಇರಲಿ ಎಂದದ್ದು. ಅವನು ಕಂಡದ್ದು ಆಗ ಲೋಟ ಮಾತ್ರ. ಈಗ ಬೆರಳಿನಿಂದ ಹಿಗ್ಗಿಸಿದಾಗ ಲೋಟದ ಹಿಂದೆ, ಅಡುಗೆಕಟ್ಟೆಯ ಮೇಲೆ, ತನ್ನ ಅಂಗಡಿಯ ಪೊಟ್ಟಣ ಕಾಣುತ್ತದೆ. ಅದರ ಮೇಲೆ ರಬ್ಬರ್ ಸ್ಟ್ಯಾಂಪು ಒತ್ತಿದೆ: "ಕಾಫಿ ….. % ಚಿಕೋರಿ ….. %". ಎರಡೂ ಖಾಲಿ.

ಬರೆಯಬೇಕಾದವನು ಮಂಜ. ಪುಡಿ ಕೇಳಿದವರಿಗೆ "ಚಿಕೋರಿ ಎಷ್ಟು ಹಾಕ್ಲಿ?" ಎಂದು ಕೇಳಿ, ಪೆನ್ನಿನಲ್ಲಿ ಎರಡು ಅಂಕಿ ತುಂಬಿ ಕೊಡಬೇಕು. ಕೆಲಸ ಜೋರಿರುವ ದಿನ, ಹೊಸ ಗಿರಾಕಿ "ಕಾಲು ಕೆಜಿ ಕಾಫಿ ಪುಡಿ" ಎಂದಷ್ಟೇ ಹೇಳಿದಾಗ, ಹುಡುಗ ಅಭ್ಯಾಸದ ಪ್ರಕಾರ 80:20 ಕಟ್ಟಿಕೊಟ್ಟಿದ್ದಾನೆ. ಪುಡಿಯಲ್ಲಿ ತಪ್ಪಿಲ್ಲ. ಹೇಳಬೇಕಾದ್ದನ್ನು ಹೇಳಿಲ್ಲ. ರಿವ್ಯೂ ಅನ್ಯಾಯದ್ದೇ, ಈಗಲೂ ಅನ್ಯಾಯದ್ದೇ. ಆದರೆ ಶಿವಣ್ಣನ ಕಾಲ ಕೆಳಗಿನ ನೆಲ ಮೊದಲಿನಷ್ಟು ಗಟ್ಟಿಯಿಲ್ಲ.

ಇಲ್ಲಿಂದ ಮುಂದೆ ನಿಜವಾದ ತೀರ್ಮಾನ ಶುರುವಾಗುತ್ತದೆ. ಅವನ ಮುಂದೆ ಮೂರು ದಾರಿ ಇವೆ, ಮೂರೂ ಸುಲಭವಲ್ಲ ಎಂಬುದು ನಿಮ್ಮ ಹಿಡಿತದಲ್ಲಿರಲಿ. ಸುಮ್ಮನಿರಬಹುದು, ಆದರೆ ಕಲಬೆರಕೆ ಎಂಬ ಮಾತು ಹಾಗೇ ನಿಲ್ಲುತ್ತದೆ. "ಚಿಕೋರಿ ಇದೆ ಎಂದು ಹೇಳಿಯೇ ಕೊಟ್ಟಿದ್ದೇವೆ" ಎನ್ನಬಹುದು, ಆದರೆ ಅದು ನಿಜವೋ ಅಲ್ಲವೋ ಅವನಿಗೆ ಗೊತ್ತಿಲ್ಲ, ಖಾಲಿ ಸ್ಟ್ಯಾಂಪು ಅಲ್ಲ ಎನ್ನುತ್ತಿದೆ. "ನಮ್ಮ ಹುಡುಗ ಬರೆಯುವುದನ್ನು ಮರೆತಿದ್ದಾನೆ" ಎನ್ನಬಹುದು. ಅದು ನಿಜ, ಅಂಗಡಿಯ ಮಾನವೂ ಉಳಿಯುತ್ತದೆ. ಆದರೆ ಅಂಗಡಿಯಲ್ಲಿರುವುದು ಒಬ್ಬನೇ ಹುಡುಗ. ಪೇಟೆಯಲ್ಲಿ ಎಲ್ಲರಿಗೂ ಅದು ಮಂಜ ಎಂದು ತಿಳಿಯುತ್ತದೆ.

ಮಂಜನ ದೃಶ್ಯವನ್ನು ಬೆಳಿಗ್ಗೆ ಇಡಿ, ಚಿಕ್ಕದಾಗಿ. ಶಿವಣ್ಣ ಕೇಳುತ್ತಾನೆ: "ಹೊಸಬ್ರು ಬಂದ್ರೆ ಚಿಕೋರಿ ಕೇಳ್ತೀಯೇನೋ?" "ಕೇಳ್ತೀನಲ್ಲಣ್ಣ." "ಬರೀತೀಯಾ?" ಹುಡುಗ ಸ್ಟ್ಯಾಂಪಿನ ಪ್ಯಾಡನ್ನು ಸರಿಮಾಡುತ್ತಾ, "ಪೆನ್ನು ಇದ್ರೆ ಬರೀತೀನಿ" ಎನ್ನುತ್ತಾನೆ. ಪೆನ್ನು ಕಟ್ಟಿದ್ದ ದಾರ ಮಾತ್ರ ಕೌಂಟರಿನಲ್ಲಿ ನೇತಾಡುತ್ತಿದೆ. ಪೆನ್ನು ಶಿವಣ್ಣನ ಜೇಬಿನಲ್ಲಿದೆ, ಲೆಕ್ಕ ಬರೆಯಲು ಅವನೇ ತೆಗೆದುಕೊಂಡದ್ದು. ಇದಕ್ಕೆ ನೀವು ಒಂದು ಮಾತೂ ಸೇರಿಸಬಾರದು. ಶಿವಣ್ಣನ ಮನಸ್ಸಿನಲ್ಲಿ ಏನಾಯಿತು ಎಂದು ಬರೆದರೆ ದೃಶ್ಯ ಸತ್ತಿತು. ಅವನು ಪೆನ್ನು ತೆಗೆದು ದಾರಕ್ಕೆ ಕಟ್ಟಲಿ, ಮಗಳಿಗೆ ಫೋನು ಮಾಡಲಿ.

ನಾಲ್ಕನೆಯ ಕರಡು:

"ನಮಸ್ಕಾರ. ನಿಮ್ಮ ಫೋಟೋ ನೋಡಿದೆ. ನೀರಿನಲ್ಲಿ ಬಣ್ಣ ಬಿಟ್ಟಿರುವುದು ಚಿಕೋರಿ. ಏನೂ ಹೇಳದೆ ಪುಡಿ ಕೇಳಿದವರಿಗೆ ನಮ್ಮಲ್ಲಿ ನೂರಕ್ಕೆ ಇಪ್ಪತ್ತು ಚಿಕೋರಿ ಸೇರಿಸಿ ಕೊಡುವುದು ರೂಢಿ. ಅದನ್ನು ನಿಮಗೆ ಹೇಳಿ, ಪೊಟ್ಟಣದ ಮೇಲೆ ಬರೆದು ಕೊಡಬೇಕಿತ್ತು. ನಾನು ಬರೆದು ಕೊಟ್ಟಿಲ್ಲ, ಅದು ತಪ್ಪು. ಅದು ಬಿಟ್ಟು ಬೇರೆ ಏನನ್ನೂ ಬೆರೆಸಿಲ್ಲ. ಚಿಕೋರಿ ಇಲ್ಲದ ಪುಡಿ ಬೇಕಿದ್ದರೆ ಬನ್ನಿ, ಬೀಜ ನಿಮ್ಮೆದುರೇ ಬೀಸಿ ಕೊಡುತ್ತೇನೆ. — ಶಿವಣ್ಣ"

ಇದನ್ನು ವಾಕ್ಯ ವಾಕ್ಯವಾಗಿ ನೋಡಿ. ಮೊದಲು ಗಿರಾಕಿ ಕಂಡದ್ದನ್ನು ಒಪ್ಪುತ್ತದೆ, ಅದಕ್ಕೆ ಹೆಸರು ಕೊಡುತ್ತದೆ. ಆಮೇಲೆ ಅಳತೆ ಹೇಳುತ್ತದೆ, ಕಾನೂನಿನ ಅಳತೆಯಲ್ಲ, ಅಂಗಡಿಯ ಅಳತೆ. ತಪ್ಪು ಎಂಬ ಪದ ಒಂದೇ ಸಲ ಬರುತ್ತದೆ, ಯಾವುದಕ್ಕೆ ಎಂಬುದು ಅದರ ಪಕ್ಕದಲ್ಲೇ ಇದೆ. ಅದಾದ ಮೇಲೆಯೇ ಅಲ್ಲಗಳೆಯುವ ವಾಕ್ಯ ಬರುತ್ತದೆ. ತಪ್ಪೊಪ್ಪಿಗೆ ಮೊದಲು ಬಂದಿರುವುದರಿಂದ ಈ ನಿರಾಕರಣೆಯನ್ನು ನಂಬಬೇಕೆನಿಸುತ್ತದೆ. ಎರಡನ್ನೂ ಅದಲು ಬದಲು ಮಾಡಿ ಓದಿ ನೋಡಿ, ಅದೇ ಮಾತುಗಳು ಜಗಳಗಂಟನ ಮಾತಾಗುತ್ತವೆ. ಪುಕ್ಕಟೆ ಪುಡಿ ಕೊಡುತ್ತೇನೆ, ರಿವ್ಯೂ ತೆಗೆಯಿರಿ ಎಂಬ ಮಾತು ಎಲ್ಲೂ ಇಲ್ಲ. ಹಾಗೆ ಏನನ್ನಾದರೂ ಕೊಟ್ಟು ರಿವ್ಯೂ ತೆಗೆಸುವುದು ಗೂಗಲ್ಲಿನ ನಿಯಮಕ್ಕೂ ವಿರುದ್ಧ. ಅಲ್ಲದೆ, ಎಲ್ಲರಿಗೂ ಕಾಣುವ ಜಾಗದಲ್ಲಿ ಹಾಗೆ ಬರೆದರೆ ಬಾಯಿ ಮುಚ್ಚಿಸುವ ಬೆಲೆಯಂತೆ ಕಾಣುತ್ತದೆ.

ಆದರೆ ಕಥೆಯ ದೃಷ್ಟಿಯಿಂದ ಮುಖ್ಯವಾದ ಪದ ಇನ್ನೊಂದಿದೆ: "ನಾನು". ಸಹನಾ ಬರೆದುಕೊಂಡು ಓದುವಾಗ ಅದು "ನಮ್ಮ ಸಿಬ್ಬಂದಿ ಬರೆದು ಕೊಟ್ಟಿಲ್ಲ" ಎಂದಾಗಿರುತ್ತದೆ. ಅವನು ತಡೆದು ಹೇಳುತ್ತಾನೆ: "ನಾನು ಅಂತ ಹಾಕು." ಅವಳು "ನೀವಾ ಕೊಟ್ಟಿದ್ದು?" ಎಂದು ಕೇಳುತ್ತಾಳೆ. "ಹಾಕು ಪುಟ್ಟಿ." ತೀರ್ಮಾನ ಎಂದು ನೀವು ಹುಡುಕುತ್ತಿದ್ದದ್ದು ಇದು. ಗಮನಿಸಿ, ಇದೂ ಪೂರ್ತಿ ನಿಜವಲ್ಲ. ಪೊಟ್ಟಣ ಕಟ್ಟಿದ್ದು ಅವನಲ್ಲ. ಅನ್ಯಾಯದ ಮಾತೊಂದಕ್ಕೆ ಉತ್ತರ ಕೊಡುವಾಗ ಅವನು ಬೇಕೆಂದೇ ಒಂದು ಸಣ್ಣ ಸುಳ್ಳನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ. ಪೆನ್ನಿನ ವಿಷಯ ಗೊತ್ತಿರುವ ಓದುಗರಿಗೆ ಅದು ಎಷ್ಟು ಸುಳ್ಳು, ಎಷ್ಟು ನಿಜ ಎಂದು ತೂಗುವ ಕೆಲಸ ಉಳಿಯುತ್ತದೆ. ಹೀಗೆ ಮಾಡಿದರೆ ಅವನು ದೇವರಂಥವನೂ ಆಗುವುದಿಲ್ಲ.

ಬರೆಯುವಾಗ ತಪ್ಪುವ ಕಡೆಗಳು ಇನ್ನೆರಡಿವೆ. ಒಂದು, ಪರದೆಯನ್ನು ವರ್ಣಿಸುವುದು. ನೋಟಿಫಿಕೇಶನ್ ಬಂತು, ಒತ್ತಿದ, ತೆರೆಯಿತು, ಕೆಳಗೆ ಸರಿಸಿದ ಎಂದು ಬರೆದರೆ ಪುಟ ತುಂಬುತ್ತದೆ, ಕಥೆ ಮುಂದೆ ಹೋಗುವುದಿಲ್ಲ. ಪರದೆಯಲ್ಲಿ ಓದುಗರು ನೋಡಬೇಕಾದದ್ದು ರಿವ್ಯೂವಿನ ಮಾತು ಮತ್ತು ಆ ಫೋಟೋ, ಎರಡೇ. ಉಳಿದ ಹೊತ್ತು ಶಿವಣ್ಣನ ಕೈಗೆ ಅಂಗಡಿಯ ಕೆಲಸ ಕೊಡಿ: ಬೀಸಿದ ಪುಡಿ ಇನ್ನೂ ಬೆಚ್ಚಗಿರುವಾಗ ತೂಗುವುದು, ತಕ್ಕಡಿಯ ತಟ್ಟೆಯನ್ನು ಬಟ್ಟೆಯಿಂದ ಒರೆಸುವುದು, ಚಿಕೋರಿಯ ಡಬ್ಬದ ಮುಚ್ಚಳ ಬಿಗಿಮಾಡುವುದು. ಗಾಳಿಗೆ ಚಿಕೋರಿ ಬೇಗ ತೇವ ಹಿಡಿದು ಗಂಟಾಗುತ್ತದೆ, ಆದ್ದರಿಂದ ಮುಚ್ಚಳದ ಕೆಲಸ ಅವನಿಗೆ ದಿನವೂ ಇದ್ದದ್ದೇ. ಸಿಟ್ಟು ಬಂದ ರಾತ್ರಿ ಆ ಮುಚ್ಚಳವನ್ನು ಹಾಕುವುದು ಮರೆತರೆ, ಬೆಳಿಗ್ಗೆ ಗಂಟಾದ ಚಿಕೋರಿ ಅವನ ರಾತ್ರಿ ಹೇಗಿತ್ತು ಎಂದು ಹೇಳುತ್ತದೆ.

ಇನ್ನೊಂದು, ಭಾಷೆ. ರಿವ್ಯೂವಿನ ಭಾಷೆ, ಶಿವಣ್ಣ ಮಾತಾಡುವ ಭಾಷೆ, ಅವನ ಕೊನೆಯ ಉತ್ತರದ ಭಾಷೆ ಮೂರೂ ಬೇರೆಯಿರಬೇಕು. ಮಾತಿನಲ್ಲಿ "ಹಾಕ್ತೀವಿ" ಎನ್ನುವವನು ಬರೆಸುವಾಗ "ಕೊಡುತ್ತೇನೆ" ಎನ್ನುತ್ತಾನೆ. ಬರವಣಿಗೆಗೆ ಅವನು ಕೊಡುವ ಮರ್ಯಾದೆ ಅದು. ಆದರೆ "ವಿಷಾದಿಸುತ್ತೇವೆ" ತನಕ ಹೋಗಲಾರ. ಈ ಮೂರು ಮಟ್ಟ ಕಿವಿಗೆ ಬೀಳುತ್ತಿದೆಯೇ ಎಂದು ಜೋರಾಗಿ ಓದಿ ಪರೀಕ್ಷಿಸಿ.

ಅಳತೆಯ ವಿಷಯ: ಒಟ್ಟು ಸಾವಿರದೆಂಟುನೂರು ಪದದೊಳಗೆ ಇದು ಮುಗಿಯಬೇಕು. ಮೊದಲ ಕರಡಿನವರೆಗೆ ನಾನೂರು, ಎರಡನೆಯದಕ್ಕೆ ಇನ್ನೂರೈವತ್ತು, ಮೂರನೆಯದಕ್ಕೂ ಫೋಟೋಗೂ ಸೇರಿ ಐನೂರು. ಉಳಿದದ್ದು ಬೆಳಗಿಗೆ. ಚಿಕೋರಿಯ ಕಾನೂನು, ನೀರಿನ ಪರೀಕ್ಷೆ ಇವನ್ನೆಲ್ಲ ನಾನು ಮೇಲೆ ವಿವರಿಸಿದ ಹಾಗೆ ಕಥೆಯಲ್ಲಿ ವಿವರಿಸಬೇಡಿ. ಎರಡನೆಯ ಕರಡಿನಲ್ಲಿ ಶಿವಣ್ಣನ ಬಾಯಲ್ಲಿ ಒಂದು ವಾಕ್ಯ, ಮಗಳ ಬಾಯಲ್ಲಿ ಒಂದು ಪ್ರಶ್ನೆ, ಅಷ್ಟರಲ್ಲಿ ಓದುಗರಿಗೆ ಬೇಕಾದದ್ದೆಲ್ಲ ಸಿಕ್ಕಿರಬೇಕು. ಕಾಫಿ ಕುಡಿಯದವರೊಬ್ಬರಿಗೆ ಓದಲು ಕೊಟ್ಟು, "ಸ್ಟ್ಯಾಂಪು ಖಾಲಿ ಇದ್ದರೆ ಏನು ತೊಂದರೆ?" ಎಂದು ಕೇಳಿ. ಅವರಿಗೆ ಉತ್ತರ ಹೊಳೆಯದಿದ್ದರೆ ಫೋಟೋದ ದೃಶ್ಯಕ್ಕಿಂತ ಮೊದಲು, ಮಂಜ ಬೇರೆ ಯಾರಿಗೋ ಪೊಟ್ಟಣ ಕಟ್ಟುವಾಗ "80-20" ಎಂದು ಬರೆದು ಕೊಡುವುದನ್ನು ಒಂದು ಸಲ ತೋರಿಸಿ.

ಮುಕ್ತಾಯಕ್ಕೆ ರಿವ್ಯೂ ಬರೆದವನನ್ನು ಪಶ್ಚಾತ್ತಾಪಪಡಿಸಬೇಡಿ. ಅವನು ಐದು ಸ್ಟಾರ್‌ಗೆ ತಿದ್ದಿದ ಎಂದು ಬರೆದರೆ ಶಿವಣ್ಣ ಸರಿಯಾಗಿ ನಡೆದುಕೊಂಡದ್ದಕ್ಕೆ ಸಂಬಳ ಕೊಟ್ಟ ಹಾಗಾಗುತ್ತದೆ. ಉತ್ತರ ಪ್ರಕಟವಾದ ಮೇಲೆ ಅಂಗಡಿಯಲ್ಲಿ ಇನ್ನೂ ಒಂದು ಸಣ್ಣ ಘಟನೆ ಬೇಕೆನಿಸಿದರೆ ಸಹನಾಳ ಕಡೆಯಿಂದ ತನ್ನಿ: ಖಾತೆಯನ್ನು ನಿಮ್ಮ ಫೋನಿಗೂ ಹಾಕಿಕೊಡಲಾ ಎಂದು ಅವಳು ಕೇಳುತ್ತಾಳೆ. ಹೂಂ ಎನ್ನುತ್ತಾನೋ ಬೇಡ ಎನ್ನುತ್ತಾನೋ ಎಂಬುದು ಅಲ್ಲಿಯವರೆಗೆ ನೀವು ಕಟ್ಟಿದ ಶಿವಣ್ಣನ ಮೇಲಿದೆ. ನನ್ನನ್ನು ಕೇಳಿದರೆ ಅವನು ಬೇಡ ಎನ್ನುತ್ತಾನೆ. ಅವಳು ಓದಿ ಹೇಳುವಾಗಲೇ ಅಲ್ಲವೇ ಅವನಿಗೆ ತನ್ನ ಮಾತು ಕೇಳಿಸಿದ್ದು.